ಹೆಂಚೋ ಶೀಟೋ, ಮೊಸಾಯಿಕ್ಕೋ ಗ್ರಾನೈಟೋ: ಮನೆಯ ಫೋಟೋ ಓದುವ ಬಗೆ

ಮಾರಾಟಕ್ಕಿರುವ ಮನೆಯ ಫೋಟೋದಲ್ಲಿ ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬೀಳುವುದು ಬಣ್ಣ ಮತ್ತು ಹೊಳಪು. ನಂಬಬಾರದ್ದೂ ಅವೆರಡನ್ನೇ. ಮಾಡಿಗೆ ಕೆಂಪು ಬಣ್ಣ ಹೊಡೆಯುವುದು ಎರಡು ದಿನದ ಕೆಲಸ. ನೆಲವನ್ನು ನೀರು ಹಾಕಿ ಒರೆಸಿ, ಆರುವ ಮೊದಲೇ ಫೋಟೋ ತೆಗೆದರೆ ಬೂದು ಬಣ್ಣದ ಶಹಾಬಾದ್ ಕಲ್ಲು ಕೂಡ ಕರಿ ಗ್ರಾನೈಟಿನಂತೆ ಮಿಂಚುತ್ತದೆ. ಆದರೆ ಅಂಚುಗಳನ್ನು ಯಾರೂ ಸಿಂಗರಿಸುವುದಿಲ್ಲ. ಹೆಂಚು ಸೂರಿನ ತುದಿಯಲ್ಲಿ ಹೇಗೆ ನಿಂತಿದೆ, ಶೀಟಿನ ಕೊನೆ ಎಷ್ಟು ದಪ್ಪವಿದೆ, ಎರಡು ಟೈಲ್ಸ್ ಸೇರುವಲ್ಲಿ ಗೆರೆ ಹೇಗಿದೆ ಎಂಬುದನ್ನು ನೋಡಿದರೆ ಆ ವಸ್ತು ಯಾವುದು, ಅದನ್ನು ಹೇಗೆ ತಯಾರಿಸಿದ್ದಾರೆ ಎಂಬುದು ಬಹುಮಟ್ಟಿಗೆ ತಿಳಿಯುತ್ತದೆ. ಮುಂಬೈಯಲ್ಲಿ ಹಳೆಯ ಕಟ್ಟಡಗಳ ದುರಸ್ತಿಗೆ ಅಂದಾಜು ಬರೆದು ಬದುಕುವ ನನಗೆ ಫೋಟೋ ಬಂದ ಕೂಡಲೇ ಕಣ್ಣು ಹೋಗುವುದು ಅಲ್ಲಿಗೇ.

ಡೊಂಬಿವಲಿಯಲ್ಲಿ ನೆಲೆಸಿರುವ ಕುಮಟಾ ಕಡೆಯ ಹೆಗಡೆಯವರು ಈಚೆಗೆ ಕಳಿಸಿದ ಫೋಟೋಗಳನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಗೋವಾದ ಮಡಗಾಂವ್ ಹತ್ತಿರದ ಒಂದು ಹಳೆಯ ಮನೆ. ನಿವೃತ್ತಿಯ ನಂತರ ಅಲ್ಲಿದ್ದರೆ ಊರಿಗೆ ರೈಲಿನಲ್ಲಿ ಬೇಗ ಹೋಗಿಬರಬಹುದು ಎಂಬುದು ಅವರ ಲೆಕ್ಕಾಚಾರ. ದಲ್ಲಾಳಿ ಕಳಿಸಿದ್ದ ವಿವರ ಚುಟುಕಾಗಿತ್ತು: ಮಂಗಳೂರು ಹೆಂಚಿನ ಮಾಡು, ಹಿಂದೆ ಪತ್ರಾ ಹಾಕಿದ ಅಡುಗೆಮನೆ, ಒಳಗೆಲ್ಲ ಗ್ರಾನೈಟ್ ನೆಲ. ಇದರಲ್ಲಿ ಎಷ್ಟು ನಿಜ ಎಂದು ಹೆಗಡೆಯವರಿಗೆ ತಿಳಿಯಬೇಕಿತ್ತು.

ಮೊದಲು ಮಾಡು. ಎದುರಿನಿಂದ ತೆಗೆದ ಚಿತ್ರದಲ್ಲಿ ಕೆಂಪು ಹೆಂಚಿನ ಇಳಿಜಾರು ಕಾಣುತ್ತಿತ್ತು. ಗೋವಾದಲ್ಲಿ ಈಗ ಹಾಗೆ ಕಾಣುವ ಮಾಡಿನಲ್ಲಿ ಮೂರು ಬಗೆಗಳಿವೆ. ಒಂದು, ಪಕ್ಕಾಸು ಮತ್ತು ರೀಪಿನ ಮೇಲೆ ಹೆಂಚು ಹೊದಿಸಿದ ನಿಜವಾದ ಹೆಂಚಿನ ಮಾಡು. ಎರಡು, ಓರೆಯಾಗಿ ಕಾಂಕ್ರೀಟ್ ಸ್ಲ್ಯಾಬ್ ಹಾಕಿ ಅದರ ಮೇಲೆ ಅಂದಕ್ಕೆ ಹೆಂಚು ಕೂರಿಸಿದ್ದು. ಮೂರು, ಹೆಂಚಿನ ಆಕಾರಕ್ಕೆ ಒತ್ತಿದ ಬಣ್ಣದ ತಗಡಿನ ಶೀಟು. ರಸ್ತೆಯಿಂದ ನೋಡಿದರೆ ಮೂರೂ ಒಂದೇ ಥರ. ಆದರೆ ಮಳೆಗಾಲದಲ್ಲಿ ಸೋರಿದಾಗ ಮೂರಕ್ಕೂ ಮಾಡಬೇಕಾದ ಕೆಲಸ ಬೇರೆ ಬೇರೆ, ಕರೆಸಬೇಕಾದ ಕೆಲಸಗಾರರೂ ಬೇರೆ ಬೇರೆ.

ಚಿತ್ರವನ್ನು ಹಿಗ್ಗಿಸಿ ಸೂರಿನ ತುದಿಯನ್ನು ನೋಡಬೇಕು. ನಿಜವಾದ ಹೆಂಚಿನ ಮಾಡಿನಲ್ಲಿ ಪ್ರತಿ ಹೆಂಚಿನ ಕೆಳ ಅಂಚು ತನ್ನದೇ ದಪ್ಪವನ್ನೂ ತನ್ನದೇ ನೆರಳನ್ನೂ ತೋರಿಸುತ್ತದೆ. ಆ ಸಾಲು ಎಂದೂ ದಾರ ಹಿಡಿದಷ್ಟು ನೇರವಾಗಿರುವುದಿಲ್ಲ. ಒಂದು ಹೆಂಚು ಕೂದಲೆಳೆಯಷ್ಟು ಮುಂದೆ, ಇನ್ನೊಂದು ತುಸು ಓರೆ. ತಗಡಿನ ಶೀಟಿನಲ್ಲಿ ಈ ಏರುಪೇರು ಇಲ್ಲ. ಒಂದೇ ಅಚ್ಚಿನಿಂದ ಬಂದ ನೆರಳು ಮಾಡಿನ ಉದ್ದಕ್ಕೂ ಒಂದೇ ಸಮನೆ ಓಡುತ್ತದೆ, ಅಂಚು ಕಾಗದದಷ್ಟು ತೆಳ್ಳಗಿರುತ್ತದೆ, ಸ್ವಲ್ಪ ಹುಡುಕಿದರೆ ಸ್ಕ್ರೂಗಳ ತಲೆ ಸಾಲಾಗಿ ಕಾಣುತ್ತವೆ. ಸ್ಲ್ಯಾಬಿನ ಮೇಲೆ ಹೆಂಚು ಕೂರಿಸಿದ್ದರೆ ಹೆಂಚಿನ ಕೆಳಗೆ ನಾಲ್ಕೈದು ಅಂಗುಲ ದಪ್ಪದ ಕಾಂಕ್ರೀಟಿನ ಪಟ್ಟಿ, ಅದರಡಿ ಗಾರೆ ಮಾಡಿ ಸುಣ್ಣ ಬಳಿದ ನುಣುಪಾದ ಮೈ.

ಹೆಗಡೆಯವರ ಚಿತ್ರದಲ್ಲಿ ಅಂಚು ಡೊಂಕುಡೊಂಕಾಗಿತ್ತು. ಜೊತೆಗೆ ಇಳಿಜಾರಿನ ನಡುವೆ ಒಂದು ಹೆಂಚಿನ ಅಳತೆಯ ಹೊಳೆಯುವ ಚೌಕ ಇತ್ತು, ಒಳಗೆ ಬೆಳಕು ಬೀಳಲೆಂದು ಹಾಕಿದ ಗಾಜಿನ ಹೆಂಚು. ಎರಡನೆಯ ಚಿತ್ರ ಜಗಲಿಯದ್ದು. ಅದರ ಮೇಲ್ತುದಿಯಲ್ಲಿ, ತೆಗೆದವನ ಗಮನಕ್ಕೆ ಬಾರದೆಯೇ, ಮಾಡಿನ ಒಳಭಾಗ ಸಿಕ್ಕಿಬಿದ್ದಿತ್ತು. ಪಕ್ಕಾಸು ಕಾಣುತ್ತಿತ್ತು, ಅದಕ್ಕೆ ಅಡ್ಡಲಾಗಿ ಸುಮಾರು ಒಂದಡಿಗೊಂದರಂತೆ ರೀಪು. ಮಂಗಳೂರು ಹೆಂಚಿನ ಉದ್ದ ಸುಮಾರು 41 ಸೆಂಟಿಮೀಟರ್. ಒಂದರ ಮೇಲೊಂದು ಸ್ವಲ್ಪ ಹತ್ತಿ ಕೂರುವುದರಿಂದ ರೀಪುಗಳ ನಡುವಿನ ಅಂತರ ಸುಮಾರು 32 ಸೆಂಟಿಮೀಟರಿಗೆ ಬರುತ್ತದೆ. ಹೀಗಾಗಿ ಮೊದಲ ಪ್ರಶ್ನೆ ಅಲ್ಲಿಗೇ ಇತ್ಯರ್ಥವಾಯಿತು. ಮಾಡಿನ ಮೇಲ್ಮೈಯ ನೂರು ಚಿತ್ರಗಳಿಗಿಂತ ಒಳಗಿನಿಂದ ತೆಗೆದ ಒಂದು ಚಿತ್ರವೇ ಹೆಚ್ಚು ಹೇಳುತ್ತದೆ.

ಇಳಿಜಾರು ಕೂಡ ಸಾಕ್ಷಿ ಹೇಳುತ್ತದೆ. ಹೆಂಚಿನ ಮೇಲಿನ ನೀರು ಬೇಗ ಜಾರಿಹೋಗದಿದ್ದರೆ ಗಾಳಿಯ ಒತ್ತಡಕ್ಕೆ ಸಂದುಗಳಲ್ಲಿ ಒಳನುಗ್ಗುತ್ತದೆ. ಆದ್ದರಿಂದ ಆರಡಿ ಅಡ್ಡ ಹೋಗುವಷ್ಟರಲ್ಲಿ ಮಾಡು ಕನಿಷ್ಠ ಮೂರಡಿಯಾದರೂ ಏರಬೇಕು. ಆರಡಿಗೆ ಒಂದೇ ಅಡಿ ಏರುವ ಚಪ್ಪಟೆ ಮಾಡಿನ ಮೇಲೆ ಹೆಂಚು ಕಂಡರೆ ನೀರು ತಡೆಯುತ್ತಿರುವುದು ಆ ಹೆಂಚಲ್ಲ, ಅದರಡಿ ಸ್ಲ್ಯಾಬೋ ಶೀಟೋ ಇದೆ ಎಂದೇ ತಿಳಿಯಬೇಕು.

ದಲ್ಲಾಳಿ ಹೆಂಚಿನ ಹಳಮೆಯ ಬಗ್ಗೆಯೂ ಒಂದು ಮಾತು ಸೇರಿಸಿದ್ದ. ಕಳಚಿಟ್ಟ ಒಂದು ಹೆಂಚಿನ ಬೆನ್ನ ಮೇಲೆ 1865 ಎಂದು ಅಚ್ಚಾಗಿದೆಯಂತೆ, ಹಾಗಾಗಿ ಮನೆ ನೂರೈವತ್ತು ವರ್ಷ ಮೀರಿದ್ದಂತೆ. ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ವರ್ಷ ಅದು. ಮುದ್ರೆಯಲ್ಲಿ ಆ ವರ್ಷವನ್ನು ಹಾಕುವ ಪದ್ಧತಿ ಆಮೇಲೂ ಇತ್ತು. ಆ ಅಂಕಿಯಿಂದ ತಿಳಿಯುವುದು ಕಾರ್ಖಾನೆಯ ವಯಸ್ಸೇ ಹೊರತು ಮನೆಯದ್ದಲ್ಲ. ಅಲ್ಲದೆ ಹೆಂಚು ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವ ವಸ್ತು. ಹಳೆಯ ಮಾಡು ಬಿಚ್ಚಿದಲ್ಲಿ ಚೆನ್ನಾಗಿರುವುದನ್ನು ಆರಿಸಿ ಮಾರುವವರು ಕೊಂಕಣ ಕರಾವಳಿಯಲ್ಲಿ ಹಿಂದಿನಿಂದಲೂ ಇದ್ದಾರೆ.

ನನಗೆ ಹಿಡಿಸದಿದ್ದುದು ಆ ಮಾಡಿನ ಹೊಸ ಕೆಂಪು ಬಣ್ಣ. ಹಳೆಯ ಹೆಂಚು ಒಂದೇ ಬಣ್ಣದಲ್ಲಿರುವುದಿಲ್ಲ. ಮರದ ನೆರಳು ಬೀಳುವ ಕಡೆ ಪಾಚಿ ಹಿಡಿದು ಕಪ್ಪಾಗಿರುತ್ತದೆ, ಆಚೀಚೆ ಬದಲಾಯಿಸಿದ ಹೆಂಚುಗಳು ತೇಪೆಯಂತೆ ಬೇರೆಯಾಗಿ ಕಾಣುತ್ತವೆ. ಆ ತೇಪೆಗಳಿಂದ ಎಲ್ಲೆಲ್ಲಿ ಸೋರಿತ್ತು ಎಂಬುದು ಗೊತ್ತಾಗುತ್ತದೆ. ಬಣ್ಣ ಹೊಡೆದರೆ ಆ ಲೆಕ್ಕ ಪೂರ್ತಿ ಅಳಿಸಿಹೋಗುತ್ತದೆ.

ಇನ್ನು ಹಿಂದಿನ ಅಡುಗೆಮನೆ. ಮುಂಬೈ, ಪುಣೆ, ಗೋವಾಗಳಲ್ಲಿ ಪತ್ರಾ ಎಂದರೆ ತಗಡೂ ಹೌದು, ಸಿಮೆಂಟ್ ಶೀಟೂ ಹೌದು. ಪುಣೆಯ ಕಾರ್ಖಾನೆಯ ಶೆಡ್ಡಿನಿಂದ ಮುಂಬೈಯ ಚಾಳಿನ ಮಾಳಿಗೆಯವರೆಗೆ ಒಂದೇ ಹೆಸರು ನಡೆಯುತ್ತದೆ. ಫೋಟೋದಲ್ಲಿ ಎರಡೂ ಬೂದು, ಎರಡರಲ್ಲೂ ಅಲೆ. ಇಲ್ಲಿ ಬಣ್ಣವನ್ನು ಬಿಟ್ಟು ಅಲೆಗಳನ್ನು ಎಣಿಸಬೇಕು.

ಸಾಮಾನ್ಯ ಸಿಮೆಂಟ್ ಶೀಟಿನಲ್ಲಿ ಒಂದು ಅಲೆಯ ನೆತ್ತಿಯಿಂದ ಮುಂದಿನ ಅಲೆಯ ನೆತ್ತಿಗೆ 146 ಮಿಲಿಮೀಟರ್, ಅಂದರೆ ಹೆಚ್ಚುಕಡಿಮೆ ಆರು ಅಂಗುಲ. ಸತು ಲೇಪಿಸಿದ ಸಾಮಾನ್ಯ ತಗಡಿನಲ್ಲಿ ಅದು ಸುಮಾರು 76 ಮಿಲಿಮೀಟರ್, ಮೂರು ಅಂಗುಲ. ಒಂದು ಇನ್ನೊಂದರ ಎರಡರಷ್ಟು. ಇಷ್ಟು ದೊಡ್ಡ ವ್ಯತ್ಯಾಸ ಇರುವುದರಿಂದಲೇ ಫೋಟೋದಲ್ಲಿ ಅಳೆಯುವುದು ಸಾಧ್ಯ. ಅಳತೆಗೋಲಾಗಿ ಚಿತ್ರದಲ್ಲೇ ಇರುವ ಏನನ್ನಾದರೂ ಹಿಡಿಯಬೇಕು. ಹೆಗಡೆಯವರ ಚಿತ್ರದಲ್ಲಿ ಶೀಟಿನ ಸೂರಿನ ಕೆಳಗೇ ಅಡುಗೆಮನೆಯ ಹಿಂಬಾಗಿಲು ಇತ್ತು. ಅಂಥ ಬಾಗಿಲಿನ ಅಗಲ ಸಾಮಾನ್ಯವಾಗಿ ಎರಡೂವರೆ ಅಡಿ, 750 ಮಿಲಿಮೀಟರ್. ಬಾಗಿಲಿನ ಎರಡೂ ಅಂಚುಗಳಿಂದ ಮೇಲಕ್ಕೆ ನೆಟ್ಟಗೆ ಗೆರೆ ಎಳೆದುಕೊಂಡರೆ ಅವುಗಳ ನಡುವೆ ಸಿಮೆಂಟ್ ಶೀಟಾದರೆ ಐದು ಅಲೆ, ತಗಡಾದರೆ ಹತ್ತು ಅಲೆ ಕಾಣಬೇಕು. ಅಲ್ಲಿ ಕಂಡದ್ದು ಐದಕ್ಕೆ ತುಸು ಕಡಿಮೆ. ಆ ಕಡಿಮೆಗೂ ಕಾರಣವಿದೆ. ಸೂರು ಗೋಡೆಯಿಂದ ಮುಂದಕ್ಕೆ ಚಾಚಿರುತ್ತದೆ, ಬಾಗಿಲಿಗಿಂತ ಕ್ಯಾಮೆರಾಗೆ ಹತ್ತಿರ ಇರುತ್ತದೆ, ಆದ್ದರಿಂದ ಅಲೆಗಳು ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತವೆ. ಒಂದೂವರೆ ಅಡಿ ಚಾಚಿದ ಸೂರನ್ನು ಹದಿನೈದಡಿ ದೂರದಿಂದ ತೆಗೆದರೆ ನೂರಕ್ಕೆ ಹತ್ತರಷ್ಟು ತಪ್ಪು ಬರಬಹುದು. ಐದನ್ನು ಹತ್ತು ಎಂದು ಭ್ರಮಿಸುವಷ್ಟು ತಪ್ಪು ಅದಲ್ಲ. ಮೊಬೈಲಿನಲ್ಲಿ ಇಡೀ ಮನೆ ಹಿಡಿಸಲು ಬಳಸುವ ಅಗಲದ ಲೆನ್ಸ್ ಮಾತ್ರ ಚಿತ್ರದ ಬದಿಗಳನ್ನು ಎಳೆದು ಹಿಗ್ಗಿಸುತ್ತದೆ, ಅಂಥ ಚಿತ್ರದಲ್ಲಿ ನಡುಭಾಗದಲ್ಲೇ ಎಣಿಸಬೇಕು.

ಅಂಚು ನೋಡಿದಾಗ ಉಳಿದ ಅನುಮಾನವೂ ಹೋಯಿತು. ಶೀಟಿನ ಕೊನೆಯಲ್ಲಿ ಬೆರಳಿನಿಂದ ಹಿಡಿಯುವಷ್ಟು ದಪ್ಪ ಇತ್ತು. ಸಿಮೆಂಟ್ ಶೀಟು ಸುಮಾರು 6 ಮಿಲಿಮೀಟರ್ ದಪ್ಪ, ತಗಡು ಒಂದು ಮಿಲಿಮೀಟರನ್ನೂ ಮುಟ್ಟುವುದು ಅಪರೂಪ. ಅಲೆಯ ನೆತ್ತಿಯ ಮೇಲೆ ಕೊಕ್ಕೆ ಬೋಲ್ಟಿನ ತಲೆ, ಅದರ ಸುತ್ತ ಡಾಂಬರಿನ ವಾಷರಿನ ಕಪ್ಪು ಬಿಲ್ಲೆ. ಬೋಲ್ಟಿನ ಕೆಳಗೆ ತುಕ್ಕಿನ ಗೆರೆ ಎರಡರಲ್ಲೂ ಇರಬಹುದು. ಆದರೆ ತುಕ್ಕು ಶೀಟಿನ ಅಂಚನ್ನೇ ಕಚ್ಚಿ ತಿಂದಿದ್ದರೆ ಅದು ತಗಡು. ಸಿಮೆಂಟ್ ಶೀಟಿನ ಅಂಚು ತುಕ್ಕು ಹಿಡಿಯುವುದಿಲ್ಲ, ಮುರಿದು ಹಲ್ಲು ಬಿದ್ದಂತಾಗುತ್ತದೆ.

ಇಲ್ಲಿಂದ ಮುಂದೆ ಫೋಟೋ ಏನೂ ಹೇಳುವುದಿಲ್ಲ. ಆ ಸಿಮೆಂಟ್ ಶೀಟಿನಲ್ಲಿ ಕಲ್ನಾರು, ಅಂದರೆ ಅಸ್ಬೆಸ್ಟಾಸ್ ಇದೆಯೇ ಎಂದು ಹೆಗಡೆಯವರು ಕೇಳಿದರು. ಕಲ್ನಾರು ಬೆರೆಸಿದ ಶೀಟೂ, ಬೇರೆ ನಾರು ಬೆರೆಸಿದ ಶೀಟೂ ಇದೇ ಅಲೆ, ಇದೇ ದಪ್ಪ, ಇದೇ ಬೂದು ಬಣ್ಣದಲ್ಲಿ ಬರುತ್ತವೆ. ಎಷ್ಟೇ ಹಿಗ್ಗಿಸಿ ನೋಡಿದರೂ ಬೇರೆಯಾಗಿ ಕಾಣುವುದಿಲ್ಲ. ಒಂದು ತುಂಡನ್ನು ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕದಡಿ ನೋಡಿದರೆ ಮಾತ್ರ ತಿಳಿಯುತ್ತದೆ. ಹಳೆಯ ಸಿಮೆಂಟ್ ಶೀಟು ಕಂಡರೆ ಕಲ್ನಾರು ಇದೆ ಎಂದೇ ಹಿಡಿದು ನಡೆಯುವುದು ಕ್ಷೇಮ, ಏಕೆಂದರೆ ನಮ್ಮ ದೇಶದಲ್ಲಿ ಅದು ಎಲ್ಲ ಕಡೆ ಬಳಕೆಯಾದ ಮಾಲು, ಈಗಲೂ ತಯಾರಾಗುತ್ತಿದೆ. ಗಟ್ಟಿಯಾಗಿ ಸುಮ್ಮನೆ ಕೂತಿರುವ ಶೀಟಿನಿಂದ ಅಪಾಯ ಕಡಿಮೆ. ಅದನ್ನು ಒಣಗಿದ್ದಾಗ ಕೊರೆದಾಗ, ಗ್ರೈಂಡರಿನಲ್ಲಿ ಕತ್ತರಿಸಿದಾಗ, ಪಾಚಿ ತೆಗೆಯಲೆಂದು ತಂತಿ ಬ್ರಷ್‌ನಿಂದ ಉಜ್ಜಿದಾಗ ಏಳುವ ಧೂಳಿನಲ್ಲಿ ಶ್ವಾಸಕೋಶ ಸೇರುವ ಸೂಕ್ಷ್ಮ ನಾರುಗಳಿರುತ್ತವೆ. ಮಳೆಗಾಲದ ಮುಂಚೆ ಹುಡುಗರನ್ನು ಮಾಡಿಗೆ ಹತ್ತಿಸಿ ಉಜ್ಜಿಸುವವರು ಇದನ್ನು ತಿಳಿದಿರಬೇಕು. ಹಳೆಯ ಸಿಮೆಂಟ್ ಶೀಟು ಕಾಲಿಟ್ಟಲ್ಲೇ ಮುರಿದು ಆಳು ಕೆಳಗೆ ಬೀಳುವ ಅಪಾಯ ಬೇರೆ.

ನೆಲದ ಚಿತ್ರವೇ ನನಗೆ ಹೆಚ್ಚು ಇಷ್ಟವಾದದ್ದು. ಹಾಲಿನ ಕೆನೆಯ ಬಣ್ಣದ ಹಿನ್ನೆಲೆಯಲ್ಲಿ ಕಪ್ಪು, ಕಂದು, ಹಸಿರು ಕಲ್ಲಿನ ಚೂರುಗಳು. ದಲ್ಲಾಳಿ ಗ್ರಾನೈಟ್ ಎಂದಿದ್ದ. ನಮ್ಮಲ್ಲಿ ಮೊಸಾಯಿಕ್ ಎಂದು ಕರೆಯುವ, ಈಗಿನ ಒಳಾಂಗಣ ವಿನ್ಯಾಸಕರು ಟೆರಾಝೋ ಎನ್ನುವ ನೆಲ ಅದಾಗಿರಬಹುದು. ಅದರ ಚಿತ್ರವನ್ನು ಅಚ್ಚು ಹಾಕಿದ ವಿಟ್ರಿಫೈಡ್ ಟೈಲ್ಸ್ ಕೂಡ ಆಗಿರಬಹುದು, ಅಂಥವು ಈಗ ಅಂಗಡಿಗಳ ತುಂಬ ಇವೆ.

ಗ್ರಾನೈಟನ್ನು ತಳ್ಳಿಹಾಕುವುದು ಸುಲಭ. ಗ್ರಾನೈಟಿನಲ್ಲಿ ಹರಳುಗಳು ಒಂದಕ್ಕೊಂದು ಹೆಣೆದುಕೊಂಡು ಬೆಳೆದಿರುತ್ತವೆ, ಅವುಗಳ ನಡುವೆ ಖಾಲಿ ಜಾಗವೇ ಇಲ್ಲ. ಮೊಸಾಯಿಕ್‌ನಲ್ಲಿ ಪ್ರತಿ ಚೂರೂ ಸಿಮೆಂಟಿನಲ್ಲಿ ಒಂಟಿಯಾಗಿ ಹುದುಗಿ ಕೂತಿರುತ್ತದೆ, ಚೂರಿನ ಸುತ್ತ ಒಂದೇ ಬಣ್ಣದ ಹಿನ್ನೆಲೆ ಕಾಣುತ್ತದೆ. ಈ ಚಿತ್ರದಲ್ಲಿ ಹಿನ್ನೆಲೆ ಸ್ಪಷ್ಟವಾಗಿತ್ತು.

ನಿಜವಾದ ಮೊಸಾಯಿಕ್ಕೋ, ಅದರ ಅಚ್ಚೋ ಎಂಬುದನ್ನು ಮತ್ತೆ ಅಂಚಿನಲ್ಲೇ ಹುಡುಕಬೇಕು. ಮೊಸಾಯಿಕ್ ಬಿಲ್ಲೆಯನ್ನು ಮಾಡುವುದು ಹೀಗೆ: ಲೋಹದ ಅಚ್ಚಿನೊಳಗೆ ಅಮೃತಶಿಲೆಯ ಚೂರು ಬೆರೆಸಿದ ಸಿಮೆಂಟನ್ನು ಸುರಿದು, ಅದರ ಮೇಲೆ ಮರಳು ಸಿಮೆಂಟಿನ ಪದರ ಹಾಕಿ ಯಂತ್ರದಲ್ಲಿ ಒತ್ತುತ್ತಾರೆ, ನೀರುಣಿಸಿ ಗಟ್ಟಿ ಮಾಡಿ ಮೇಲ್ಮೈಯನ್ನು ಉಜ್ಜುತ್ತಾರೆ. ಪ್ರತಿ ಬಿಲ್ಲೆಯೂ ತನ್ನ ಚೌಕಟ್ಟಿನೊಳಗೇ ಎರಕವಾಗುವುದರಿಂದ ಚೂರುಗಳು ಅಂಚಿನ ಒಳಗೇ ನಿಲ್ಲುತ್ತವೆ, ಕಲ್ಲಿನ ಚೂರನ್ನು ಅಂಚಿನ ಗೆರೆ ನೇರವಾಗಿ ಸೀಳಿಕೊಂಡು ಹೋಗುವುದಿಲ್ಲ. ಅಚ್ಚು ಹಾಕಿದ ಟೈಲ್ಸ್‌ನಲ್ಲಿ ಹಾಗಲ್ಲ. ಅಲ್ಲಿ ಚೂರು ಬರಿಯ ಬಣ್ಣ, ದೊಡ್ಡ ಚಿತ್ರವನ್ನು ಚೌಕಕ್ಕೆ ಕತ್ತರಿಸಿದಂತೆ ಅರ್ಧ ಚೂರುಗಳು ಅಂಚಿನಲ್ಲಿ ನಿಂತಿರುತ್ತವೆ, ಪಕ್ಕದ ಟೈಲ್ಸ್‌ನಲ್ಲಿ ಉಳಿದರ್ಧ ಇರುವುದಿಲ್ಲ. ಒಂದು ಎಚ್ಚರಿಕೆ ಬೇಕು. ಗೋಡೆಯ ಪಕ್ಕದ ಕೊನೆಯ ಸಾಲನ್ನು ನೋಡಿ ತೀರ್ಮಾನಿಸಬಾರದು. ಅಲ್ಲಿ ಅಳತೆಗೆ ಹೊಂದಿಸಲು ನಿಜವಾದ ಮೊಸಾಯಿಕ್ ಬಿಲ್ಲೆಯನ್ನೂ ಕತ್ತರಿಸಿರುತ್ತಾರೆ, ಅಲ್ಲಿ ಚೂರೂ ಸೀಳಿರುತ್ತದೆ. ಕೋಣೆಯ ನಡುವಿನ ಇಡಿಯ ಬಿಲ್ಲೆಯನ್ನೇ ಆರಿಸಬೇಕು.

ಇನ್ನೊಂದು ಪರೀಕ್ಷೆ, ಸ್ವಲ್ಪ ಮಕ್ಕಳಾಟದಂತೆ ಕಂಡರೂ ಚೆನ್ನಾಗಿ ಕೆಲಸ ಮಾಡುತ್ತದೆ. ವಿಚಿತ್ರ ಆಕಾರದ ಒಂದು ಚೂರನ್ನು ಗುರುತಿಟ್ಟುಕೊಂಡು ಅದರ ಅವಳಿ ಎಲ್ಲಾದರೂ ಇದೆಯೇ ಎಂದು ಹುಡುಕುವುದು. ಕಾರ್ಖಾನೆಯಲ್ಲಿ ಕೆಲವೇ ಚಿತ್ರಗಳನ್ನು ತಿರುಗಿಸಿ ತಿರುಗಿಸಿ ಅಚ್ಚು ಹಾಕುವುದರಿಂದ ಹಾಸಿದ ನೆಲದಲ್ಲಿ ಅದೇ ಚೂರು, ಅದೇ ನೆರೆಹೊರೆಯೊಂದಿಗೆ, ಒಮ್ಮೆ ನೆಟ್ಟಗೆ ಒಮ್ಮೆ ತಲೆಕೆಳಗಾಗಿ ಮತ್ತೆ ಸಿಗುತ್ತದೆ. ನಿಜವಾದ ಕಲ್ಲಿನ ಚೂರಿಗೆ ಅವಳಿ ಇರುವುದಿಲ್ಲ. ಹೆಗಡೆಯವರ ಚಿತ್ರದಲ್ಲಿ ಹಸಿರು ಮೂಗಿನಂಥ ಒಂದು ಚೂರಿತ್ತು, ಎಷ್ಟು ಹುಡುಕಿದರೂ ಅದರ ಜೋಡಿ ಸಿಗಲಿಲ್ಲ.

ಅಳತೆಯೂ ಒಪ್ಪಿತು. ಮೂರಡಿ ಬಾಗಿಲಿನ ಹೊಸ್ತಿಲಿಗೆ ತಾಗಿದಂತೆ ನಾಲ್ಕೂವರೆ ಬಿಲ್ಲೆ ಕೂತಿದ್ದವು. ಮೂವತ್ತಾರು ಅಂಗುಲವನ್ನು ನಾಲ್ಕೂವರೆಯಿಂದ ಭಾಗಿಸಿದರೆ ಎಂಟು ಅಂಗುಲ. ಹಳೆಯ ಮೊಸಾಯಿಕ್ ಬಿಲ್ಲೆಗಳು ಎಂಟು, ಹತ್ತು, ಹನ್ನೆರಡು ಅಂಗುಲಗಳಲ್ಲಿ ಬರುತ್ತಿದ್ದವು. ಈಗಿನ ವಿಟ್ರಿಫೈಡ್ ಹೆಚ್ಚಾಗಿ ಎರಡಡಿ ಚೌಕ ಅಥವಾ ಅದಕ್ಕಿಂತ ದೊಡ್ಡದು. ಬಿಲ್ಲೆಯ ಗೆರೆಗಳೇ ಇಲ್ಲದೆ ಮೂರು ನಾಲ್ಕಡಿಗೊಂದು ಗಾಜಿನ ಅಥವಾ ಹಿತ್ತಾಳೆಯ ತೆಳ್ಳನೆ ಪಟ್ಟಿ ಮಾತ್ರ ಕಂಡಿದ್ದರೆ ಅದು ಸ್ಥಳದಲ್ಲೇ ಸುರಿದು ಉಜ್ಜಿದ ಮೊಸಾಯಿಕ್. ಮಾಟುಂಗಾ, ದಾದರ್ ಕಡೆಯ ಹಳೆಯ ಕಟ್ಟಡಗಳಲ್ಲಿ ಮೆಟ್ಟಿಲುಗಳ ಮೇಲೆ ಅದನ್ನು ನೋಡಬಹುದು.

ಗ್ರಾನೈಟ್ ಅಲ್ಲ ಎಂದು ತಿಳಿದು ಹೆಗಡೆಯವರಿಗೆ ಬೇಸರವಾಯಿತು, ಕಿತ್ತು ವಿಟ್ರಿಫೈಡ್ ಹಾಕಿಸಿಬಿಡೋಣವೇ ಎಂದರು. ನಾನು ಬೇಡವೆಂದೆ. ಮೊಸಾಯಿಕ್ ಬಿಲ್ಲೆಯಲ್ಲಿ ಚೂರಿರುವ ಮೇಲ್ಪದರವೇ ಐದಾರು ಮಿಲಿಮೀಟರ್ ದಪ್ಪ ಇರುತ್ತದೆ. ಒರಟು ಕಲ್ಲಿನಿಂದ ನಯವಾದ ಕಲ್ಲಿನವರೆಗೆ ಯಂತ್ರದಲ್ಲಿ ಉಜ್ಜಿಸಿದರೆ ಕಲೆಯೂ ಸವೆತವೂ ಹೋಗಿ ಹೊಸ ಮೈ ಬರುತ್ತದೆ. ಅಚ್ಚಿನ ಟೈಲ್ಸ್‌ನಲ್ಲಿ ಬಣ್ಣವಿರುವುದು ಮೇಲೆ ಮಾತ್ರ, ಅದನ್ನು ಉಜ್ಜಿದರೆ ಚಿತ್ರವೇ ಹೋಗುತ್ತದೆ. ಆದರೆ ಮೊಸಾಯಿಕ್ ಎಂದು ಗೊತ್ತಾದ ಮೇಲೆ ಬಚ್ಚಲು ತೊಳೆಯುವ ಆಸಿಡ್ ಆ ನೆಲಕ್ಕೆ ತಾಗಬಾರದು. ಸಿಮೆಂಟೂ ಅಮೃತಶಿಲೆಯೂ ಎರಡೂ ಆಸಿಡ್‌ಗೆ ಕರಗುತ್ತವೆ, ಹೊಳಪು ಹೋಗಿ ಮೈ ತರಿತರಿಯಾಗುತ್ತದೆ. ಶಹಾಬಾದ್ ಮತ್ತು ಕೋಟಾ ಕಲ್ಲುಗಳೂ ಸುಣ್ಣದ ಕಲ್ಲುಗಳೇ, ಅವಕ್ಕೂ ಇದೇ ಮಾತು.

ಅಡುಗೆಮನೆಯ ಗೋಡೆಯ ಬಗ್ಗೆ ಹೇಳುವುದು ಹೆಚ್ಚಿಲ್ಲ. ಬಿಳಿ ಆರಂಗುಲದ ಚೌಕಗಳು, ಕಟ್ಟೆಯಿಂದ ಎರಡಡಿ ಎತ್ತರಕ್ಕೆ. ನಲ್ಲಿಯ ಹತ್ತಿರ ಒಂದರ ಮೂಲೆ ಚಕ್ಕೆ ಎದ್ದಿತ್ತು, ಬಿಳಿ ಗಾಜಿನ ಪದರದಡಿ ಇಟ್ಟಿಗೆ ಬಣ್ಣದ ಮಣ್ಣು ಕಾಣುತ್ತಿತ್ತು. ಅಲ್ಲಿಗೆ ಮೆರುಗು ಕೊಟ್ಟ ಸಾಮಾನ್ಯ ಸೆರಾಮಿಕ್ ಎಂದು ಗೊತ್ತಾಯಿತು. ಗೋಡೆಗೆ ಅಂಟಿಸುವ ಪ್ಲಾಸ್ಟಿಕ್ ಹಾಳೆಯಾಗಿದ್ದರೆ ಸ್ವಿಚ್ ಪೆಟ್ಟಿಗೆಯ ಸುತ್ತ ಕತ್ತರಿಸಿದ ಅಂಚು ಮೆತ್ತಗೆ ಮೇಲೆದ್ದಿರುತ್ತದೆ, ಗೆರೆಗಳು ನಿಜವಾದ ಸಂದಾಗಿರದೆ ಒತ್ತಿದ ತಗ್ಗುಗಳಾಗಿರುತ್ತವೆ.

ಹಾಲಿನ ನೆಲದಲ್ಲಿ ಒಂದು ಸಂಗತಿ ಮಾತ್ರ ಬಗೆಹರಿಯದೆ ಉಳಿದಿತ್ತು. ಬಚ್ಚಲಿನ ಗೋಡೆಯ ಪಕ್ಕ ನಾಲ್ಕು ಬಿಲ್ಲೆಗಳಲ್ಲಿ ಚೂರುಗಳು ಸಣ್ಣವು, ಹಿನ್ನೆಲೆಯೂ ತುಸು ಹಳದಿ. ಅಲ್ಲಿ ಒಮ್ಮೆ ನೆಲ ಅಗೆದಿದ್ದಾರೆ. ಪೈಪಿಗಾಗಿ ಅಗೆದಿರಬಹುದು, ನೆಲ ಕುಸಿದು ಮತ್ತೆ ಹಾಕಿರಲೂಬಹುದು. ದಲ್ಲಾಳಿಯಿಂದ ಇನ್ನೂ ಮೂರು ಚಿತ್ರ ತರಿಸಲು ಹೆಗಡೆಯವರಿಗೆ ಹೇಳಿದೆ. ಆ ನಾಲ್ಕು ಬಿಲ್ಲೆಗಳ ಮಟ್ಟದಲ್ಲೇ ಮೊಬೈಲ್ ಇಟ್ಟು, ದೀಪ ಆರಿಸಿ, ಪಕ್ಕದಿಂದ ಟಾರ್ಚ್ ಹಾಯಿಸಿ ಒಂದು. ತಗ್ಗಿದ್ದರೆ ಆ ಬೆಳಕಿನಲ್ಲಿ ನೆರಳು ಬೀಳುತ್ತದೆ. ಮಾಡಿನ ಒಳಭಾಗವನ್ನು ಪಕ್ಕಾಸು ಗೋಡೆಗೆ ಕೂರುವಲ್ಲಿ ಒಂದು, ಗೆದ್ದಲು ಮೊದಲು ಹತ್ತುವುದು ಅಲ್ಲಿ. ಶೀಟಿನ ಅಂಚಿನ ಪಕ್ಕ ಅಳತೆ ಟೇಪು ಹಿಡಿದು ಒಂದು. ಮೂರನ್ನೂ ವಾಟ್ಸ್ಆ್ಯಪ್‌ನಲ್ಲಿ ಫೋಟೋ ಆಗಿ ಕಳಿಸದೆ ಡಾಕ್ಯುಮೆಂಟ್ ಆಗಿ ಕಳಿಸಬೇಕು, ಇಲ್ಲದಿದ್ದರೆ ಚಿತ್ರ ಕುಗ್ಗಿ ನಾವು ನೋಡಬೇಕಾದ ಅಂಚುಗಳೇ ಮಸುಕಾಗುತ್ತವೆ. ದಲ್ಲಾಳಿ ಮೊದಲ ಎರಡನ್ನು ಕಳಿಸಿದ್ದಾನೆ. ಬಿಲ್ಲೆಗಳು ಸಮವಾಗಿವೆ, ನೆಲ ಕುಸಿದಿಲ್ಲ. ಪಕ್ಕಾಸಿನ ಬುಡದಲ್ಲಿ ಮಣ್ಣಿನ ಸಣ್ಣ ಗೆರೆಯೊಂದು ಮೇಲೇರಿದೆ, ಬಡಗಿಯನ್ನು ಕರೆದುಕೊಂಡು ಹೋಗಿ ಅಲ್ಲಿ ಉಳಿಯಿಂದ ಚುಚ್ಚಿ ನೋಡಿದ ಮೇಲೆಯೇ ಬೆಲೆಯ ಮಾತು ಆಡಬೇಕೆಂದು ಹೆಗಡೆಯವರಿಗೆ ಬರೆದಿದ್ದೇನೆ.